ಹಾರಿಹೋದ ಆರು ಗಂಟೆ

ಆ ನಕ್ಷೆ ಕಚೇರಿಯಲ್ಲಿ ಹಾಜರಿ ವಿಭಾಗದ ಅಕ್ಕ ಸೀನಿದರೆ ಗೋಡೆಯ ಗಡಿಯಾರ ಬೆಚ್ಚಿ ಎರಡು ನಿಮಿಷ ಹಿಂದೆ ಸರಿಯುತ್ತಿತ್ತು. ಸುಳ್ಳೆನ್ನುವವರು ಒಮ್ಮೆ ಅವಳೆದುರು ತಡವಾಗಿ ಬಂದು ನೋಡಲಿ!

ತಡ ಎಂಬ ಮಾತೇ ಅಲ್ಲಿ ಇರಲಿಲ್ಲ ಅನ್ನಿ. ಬೇಕಾದ ಹೊತ್ತಿಗೆ ಬರಬಹುದು. ದಿನದ ಎಂಟು ಗಂಟೆಗಿಂತ ಹೆಚ್ಚು ದುಡಿದರೆ ಜಮಾ, ಕಡಿಮೆಯಾದರೆ ಬಾಕಿ. ಎಂಟು ಗಂಟೆ ಜಮಾ ಇದ್ದವರು ಅದನ್ನು ಕೊಟ್ಟು ಒಂದು ದಿನ ರಜೆ ಪಡೆಯಬಹುದು. ಆದರೆ ತಿಂಗಳು ಮುಗಿದಾಗ ಹನ್ನೆರಡು ಗಂಟೆ ಮಾತ್ರ ಮುಂದಕ್ಕೆ ಹೋಗುತ್ತದೆ, ಮಿಕ್ಕಿದ್ದು ಗಾಳಿಗೆ.

ಹೊಸ ತಿಂಗಳ ಮೊದಲ ವಾರ 'ಗೂಬೆ' ಜೋಲುಮುಖ ಹೊತ್ತು ಬಂದ. ಮಧ್ಯಾಹ್ನ ಬಂದು ರಾತ್ರಿ ನಕ್ಷೆ ಬರೆಯುವವನಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ.

"ಅಕ್ಕಾ, ನಾಳೆ ಮಗಳ ಈಜಿನ ಫೈನಲ್. ಬಂದೇ ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಸಿಸ್ಟಮ್ ರಜೆ ಕೊಡಲ್ಲ ಅಂತಿದೆ. ಜಮಾ ನಾಲ್ಕೇ ಗಂಟೆಯಂತೆ!"

"ನಾಲ್ಕಾ? ನಿನ್ನ ಹತ್ರ ಹದಿನೆಂಟಿತ್ತಲ್ಲೋ!"

"ತಿಂಗಳ ಕೊನೇ ದಿನ ರಜೆ ಹಾಕಿದ್ದೆ. ಅದರದ್ದು ಎಂಟು ಹೋಯ್ತು."

"ಹದಿನೆಂಟರಲ್ಲಿ ಎಂಟು ಹೋದ್ರೆ ನಾಲ್ಕು ಉಳಿಯೋದು ಯಾವ ಊರಿನ ಲೆಕ್ಕ?"

ಅಕ್ಕ ಪರದೆಗೆ ಮೂಗು ತಾಗಿಸಿದಳು. ಪರದೆ ಬೆವರಿತೆಂದರೆ ಉತ್ಪ್ರೇಕ್ಷೆಯಲ್ಲ. ಹೊಸ ಮ್ಯಾನೇಜರ್ ಎಲ್ಲರಿಗಿಂತ ಮೊದಲು ತಿಂಗಳು ಮುಗಿಸಿದ ಕೀರ್ತಿಗಾಗಿ, ಮಂಜೂರಾದ ರಜೆಗಳಿನ್ನೂ ನಮೂದಾಗುವ ಮುಂಚೆಯೇ ಲೆಕ್ಕ ಮುಚ್ಚಿಬಿಟ್ಟಿದ್ದರು!

ಅವಳು ಮ್ಯಾನೇಜರ್ ಕೋಣೆಗೆ ನುಗ್ಗಿದಾಗ ಬಾಗಿಲು ತಾನಾಗಿಯೇ ದಾರಿ ಬಿಟ್ಟಿತು.

"ಸಾರ್, ನೀವು ಮೊದಲು ಹದಿನೆಂಟನ್ನ ಹನ್ನೆರಡಕ್ಕೆ ಕತ್ತರಿಸಿದ್ರಿ. ಆಮೇಲೆ ರಜೆಯ ಎಂಟು ಕಳೆದಿದೆ. ರಜೆ ಹಳೇ ತಿಂಗಳದ್ದು. ಅದನ್ನ ಮೊದಲು ಕಳೆದಿದ್ರೆ ಹತ್ತು ಉಳೀತಿತ್ತು. ಮಿತಿಯೊಳಗೇ ಇದೆ, ಒಂದು ನಿಮಿಷವೂ ಹಾರಿಹೋಗ್ತಿರಲಿಲ್ಲ."

"ಮುಚ್ಚಿದ ತಿಂಗಳನ್ನ ತೆರೆಯೋಕಾಗಲ್ಲಮ್ಮ."

"ಯಾರು ತೆರೀತಾರೆ? ಈ ತಿಂಗಳಲ್ಲೇ ಆರು ಗಂಟೆಯ ತಿದ್ದುಪಡಿ ಜಮಾ ಹಾಕಿ ಕಾರಣ ಬರೀತೀನಿ, ನೀವು ಒಪ್ಪಿಗೆ ಕೊಡಿ. ಅವನೊಬ್ಬನದ್ದೇ ಅಲ್ಲ, ಅವತ್ತು ರಜೆ ಹಾಕಿದವರನ್ನೆಲ್ಲ ನೋಡ್ಬೇಕು."

ಮ್ಯಾನೇಜರ್ ಬೆರಳು ಮಡಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಕಿವಿ ಕೆಂಪಾಯಿತು.

"ಹೌದಲ್ರೀ! ನನ್ನ ಆತುರಕ್ಕಿಷ್ಟು. ಹಾಕಿ, ಈಗಲೇ ಒಪ್ತೀನಿ."

ಜಮಾ ಹತ್ತಾಯಿತು, ಗೂಬೆಗೆ ರಜೆ ಸಿಕ್ಕಿತು. ಅವನು ಹಾಕಿದ ಕೇಕೆಗೆ ನಾಲ್ಕು ಮಹಡಿ ನಡುಗಿದವು, ಲಿಫ್ಟು ಕರೆಯದೆಯೇ ಮೇಲೆ ಬಂತು.

ಮರುದಿನ ಅಕ್ಕನ ಫೋನು ಮೊಳಗಿತು. ಆಚೆ ನೀರು, ಸೀಟಿ, ಕೂಗಾಟ.

"ಅಕ್ಕಾ, ಮೊದಲು ಬಂದ್ಳು! ಗೋಡೆ ಮುಟ್ಟಿದವಳೇ ತಲೆ ಎತ್ತಿ ನನ್ನನ್ನೇ ಹುಡುಕಿದ್ಳು!"

ಅಕ್ಕ ಕಣ್ಣೊರೆಸಿಕೊಂಡು ಗದರಿದಳು: "ಸರಿ ಸರಿ, ನಿನ್ನ ಹತ್ರ ಉಳಿದಿರೋದು ಎರಡೇ ಗಂಟೆ. ನಾಳೆ ಬೇಗ ಬಾ!"

ಗೂಬೆ ಬೆಳಗ್ಗೆ ಬಂದ. ಹಕ್ಕಿಗಳು ಇನ್ನೂ ಆಕಳಿಸುತ್ತಿದ್ದವು.