ಒಂದೇ ಹಾಳೆಯ ಕಾವ್ಯಚರಿತ್ರೆ

ಇದನ್ನು ನೀವು ಸ್ವಲ್ಪ ಕೂತು ಕೇಳಲೇಬೇಕು. ೧೯೪೧ರಲ್ಲಿ ಹಾಸನದಲ್ಲಿ ಮೇಷ್ಟರ ತರಬೇತಿಗೆ ಸೇರಿದ್ದ ವೀರಶೈವರ ಹುಡುಗ ಷಡಕ್ಷರಿ, ಕನ್ನಡ ಕಾವ್ಯದ ಕಾಲಘಟ್ಟಗಳ ನಲವತ್ತು ಪುಟದ ಅಧ್ಯಾಯವನ್ನು ಪೆನ್ಸಿಲ್ಲಿನಲ್ಲಿ ಒಂದೇ ಹಾಳೆಗೆ ಇಳಿಸಿದ. ನೂರು ವರ್ಷಕ್ಕೆ ಎರಡು ಬೆರಳಗಲ ಜಾಗ. ಹತ್ತನೇ ಶತಮಾನದಲ್ಲಿ ಜೈನರ ಚಂಪೂ, ಗದ್ಯ ಪದ್ಯ ಬೆರೆತದ್ದು. ಹನ್ನೆರಡರಲ್ಲಿ ವೀರಶೈವರ ವಚನ, ಆಡುಮಾತಿಗೆ ಹತ್ತಿರದ್ದು. ಆಮೇಲೆ ರಗಳೆ, ಆರು ಸಾಲಿನ ಷಟ್ಪದಿ, ಹಾಡುವ ಕೀರ್ತನೆ, ನಾಲ್ಕು ಸಾಲಿನ ಸಾಂಗತ್ಯ. ಹದಿನೇಳರಲ್ಲಿ ಮತ್ತೆ ಚಂಪೂ, ಈ ಸಲ ವೀರಶೈವರದು.

ಅಂಕ ಹಾಕಬೇಕಿದ್ದ ಪಂಡಿತರು ಕನ್ನಡಕ ಏರಿಸಿದರು. "ನಿಮ್ಮೋರನ್ನ ಎರಡು ಕಡೆ ಕೂರಿಸಿದೀಯಲ್ಲಯ್ಯ?"

"ಪಾಠದಲ್ಲೇ ಐತೆ ಸಾ, ನೋಡಿ."

"ಪಾಠ ಬರೆದೋನೂ ನಿಮ್ಮೋನೇ ಇರಬೇಕು. ಆ ಎರಡನೇದು ಅಳಿಸು. ಇಲ್ಲಾಂದ್ರೆ ನೀನು ಫೇಲು ಕಣಯ್ಯ."

ಅಳಿಸಿದರೆ ಹಾಳೆ ಸುಳ್ಳಾಗುತ್ತದೆ, ಬಿಟ್ಟರೆ ಮೇಷ್ಟರ ಕೆಲಸ ಕೈತಪ್ಪುತ್ತದೆ. ಷಡಕ್ಷರಿ ರಬ್ಬರು ತೆಗೆದು ಜೈನ, ವೀರಶೈವ ಎಂಬ ಹೆಸರುಗಳನ್ನಷ್ಟೇ ಎಲ್ಲ ಕಡೆ ಉಜ್ಜಿಹಾಕಿದ. ಎರಡು ಚಂಪೂಗಳೂ ತಮ್ಮ ತಮ್ಮ ಶತಮಾನದಲ್ಲಿ ಉಳಿದವು.

ಪಂಡಿತರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದರಲ್ಲೂ ಏನೋ ಬಚ್ಚಿಟ್ಟಿದೀಯ" ಎನ್ನುತ್ತ ಪಾಸಾಗುವಷ್ಟೇ ಅಂಕ ಹಾಕಿದರು.

ಅವನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?