ಅದೇ ತೂಕ

ಹಿರಿಮಗ ಕರಿಸಿದ್ದಪ್ಪ ಸತ್ತ ಮೇಲೆ ಗಂಗಕ್ಕ ಚಿತ್ರದುರ್ಗದ ಆ ಗರಡಿಮನೆಯ ಕಡೆ ಮುಖ ಹಾಕಿರಲಿಲ್ಲ. ಅವನು ಕುಸಿದು ಬಿದ್ದ ಮೂಲೆಯ ಮಣ್ಣನ್ನು ಅವತ್ತಿನಿಂದ ಯಾರೂ ಅಗೆಯುತ್ತಿರಲಿಲ್ಲ. ತೊಡೆ ತಟ್ಟುವ ಸದ್ದು ಮಾತ್ರ ಈಗಲೂ ಆ ಮೂಲೆಯಿಂದ ಬರುತ್ತದೆ ಅಂತ ಹುಡುಗರು ಹೇಳುತ್ತಿದ್ದರು.

ಕಿರಿಮಗ ಪಾಲಯ್ಯ ಕಾಲು ಮುರಿದು ಎರಡು ವರ್ಷ ಕುಂತು ಉಂಡಿದ್ದ. ಹೊಟ್ಟೆ ಬಂದಿತ್ತು. ಕಾಲು ಕೂಡಿದ್ದೇ ಮತ್ತೆ ಗರಡಿಗೆ ಹೋಗ್ತೀನಿ ಅಂದ. ಗಂಗಕ್ಕ ಒಂದು ಕರಾರು ಹಾಕಿದಳು. ಹುಣ್ಣಿಮೆಗೊಮ್ಮೆ ಉಣ್ಣೆ ತೂಗುವ ತಕ್ಕಡಿಯಲ್ಲಿ ಕೂರಬೇಕು. ಮೈ ತುಂಬಿ ತೂಕ ಏರಿದರೆ ಕುಸ್ತಿ, ಇಲ್ಲದಿದ್ದರೆ ಕುರಿ ಕಾಯೋದು.

ಮೂರು ಹುಣ್ಣಿಮೆ ಕಳೆದವು. ಏಳೂವರೆ ಮಣ ಏಳೂವರೆ ಮಣವಾಗಿಯೇ ಉಳಿಯಿತು. ಮೂರನೆಯ ಹುಣ್ಣಿಮೆಯ ಮರುದಿನ ಗಂಗಕ್ಕ ಗರಡಿಯ ಹೊಸ್ತಿಲಿಗೆ ಬಂದು ನಿಂತಳು.

"ಉಸ್ತಾದ್ರೇ, ನನ್ನ ಮಗನ್ನ ಕಳಿಸ್ರಿ. ಮುದ್ದೆ ಅರ್ಧ ಮಾಡಿಸಿದ್ರಿ, ತುಪ್ಪ ಬಿಡಿಸಿದ್ರಿ. ತಕ್ಕಡಿ ಅಲ್ಲಾಡಿಲ್ಲ."

ಉಸ್ತಾದ್ ಮೂಡಲಗಿರಿಯಪ್ಪ ಪಾಲಯ್ಯನನ್ನು ಮುಂದೆ ನಿಲ್ಲಿಸಿದರು. ಉಡಿದಾರ ಸಡಿಲಾಗಿ ನಾಕು ಬೆರಳು ಜಾರಿತ್ತು. ತೋಳಿನ ತಾಯತದ ದಾರ ಚರ್ಮಕ್ಕೆ ಅಚ್ಚೊತ್ತಿತ್ತು.

"ಕೊಬ್ಬು ಹೋದಷ್ಟೇ ಖಂಡ ಬಂದೈತೆ ಗಂಗಕ್ಕ. ತಕ್ಕಡಿಗೆ ಎರಡೂ ಒಂದೇ. ಗದೆ ತಿರುಗಿಸ್ತಾನೆ, ಹುರಳಿಕಾಳು, ಮೊಟ್ಟೆ, ಹಾಲು, ಬಾಡು ಬಿಡದೆ ತಿಂತಾನೆ, ಚೆನ್ನಾಗಿ ಮಲಗ್ತಾನೆ. ಉಣ್ಣೋದು ಸ್ವಲ್ಪ ಕಮ್ಮಿಯಾದ್ರೆ ಬೊಜ್ಜೇ ಸೌದೆ. ಹೊಸಬರಿಗೆ, ಬಿಟ್ಟು ಬಂದೋರಿಗೆ, ಬೊಜ್ಜಿರೋರಿಗೆ ಇದು ಒಗ್ತೈತೆ."

"ನಮ್ಮ ಕರಿಸಿದ್ದನಿಗೂ ಇದನ್ನೇ ಹೇಳಿದ್ರಲ್ಲ."

ಉಸ್ತಾದರು ಅಗೆಯದ ಮೂಲೆಯ ಕಡೆ ನೋಡಲಿಲ್ಲ. "ಹೇಳಿದ್ದೆ. ಅವನು ಎಂಟು ವರ್ಷ ಪಳಗಿದವನು, ಮೈಮೇಲೆ ಕರಗಿಸೋಕೆ ಏನಿತ್ತು? ಉಣ್ಣೋದು ಕಮ್ಮಿ ಮಾಡಿದ್ದೇ ಖಂಡ ಕರಗ್ತು. ಜ್ವರ ಬಂದಾಗ ತಡ್ಕಳೋ ತ್ರಾಣ ಇರಲಿಲ್ಲ. ಆ ಜ್ವರದಲ್ಲೇ ನಾನೇ ಇಳಿಸಿದ್ದು ಕುಸ್ತಿ ಮಣ್ಣಿಗೆ." ಆಮೇಲೆ ಪಾಲಯ್ಯನ ಕಡೆ ತಿರುಗಿದರು. "ನಿಂದೂ ಸಾಕು ಲೇ. ಬೊಜ್ಜು ಮುಗೀತು. ಇವತ್ತಿಂದ ಹೊಟ್ಟೆ ತುಂಬ ಉಣ್ಣು. ಇನ್ನು ಖಂಡ ಬೇಕಂದ್ರೆ ಸ್ವಲ್ಪ ಕೊಬ್ಬೂ ಬರ್ತೈತೆ, ಬರಲಿ."

"ಇನ್ನೊಂದು ತಿಂಗಳು ಅರ್ಧ ಮುದ್ದೇಲೇ ಇರ್ತೀನಿ, ಉಸ್ತಾದ್ರೇ. ಈಗ ತಾನೇ ಖಂಡ ಕಾಣಕ್ ಹತ್ತೈತೆ," ಅಂತ ಪಾಲಯ್ಯ ತೋಳು ಸವರಿಕೊಂಡ.

ಗಂಗಕ್ಕ ಮಗನ ಮುಖ ನೋಡಿದಳು. ಕರಿಸಿದ್ದನೂ ಇದನ್ನೇ ಅಂದಿದ್ದ, ಹೀಗೇ ತೋಳು ಸವರಿಕೊಂಡು. ಕೆನ್ನೆಯ ಬೊಜ್ಜು ಇಳಿದ ಮೇಲೆ ಪಾಲಯ್ಯನ ಮುಖದೊಳಗಿಂದ ಅಣ್ಣನ ಮುಖವೇ ಹೊರಬಂದಿತ್ತು.

"ಗರಡಿ ಬಿಡು ಅನ್ನಲ್ಲ ಕಣಪ್ಪ," ಅಂದಳು. "ಮನೆಗೆ ಬಂದು ಉಣ್ಣು. ನನ್ನ ಕಣ್ಣೆದುರಿಗೆ."

ಮಧ್ಯಾಹ್ನ ತಟ್ಟೆಗೆ ಒಂದು ಇಡೀ ಮುದ್ದೆ ಇಟ್ಟಳು. ಅರ್ಧ ಮುರಿದು ಪಕ್ಕಕ್ಕೆ ಸರಿಸಿದ. "ಸಾಕವ್ವ."

ದನಿ ಕರಿಸಿದ್ದನದು. ಗಂಗಕ್ಕ ಸರಿಸಿದ ತುಂಡನ್ನು ತಾನೇ ತುಪ್ಪದಲ್ಲಿ ಅದ್ದಿ ಅವನ ಬಾಯಿ ಹತ್ತಿರ ಹಿಡಿದಳು. ಅವನು ಬಹಳ ಹೊತ್ತು ಬಾಯಿ ತೆರೆಯಲಿಲ್ಲ. ಅವಳು ಕೈ ತೆಗೆಯಲಿಲ್ಲ.

ಕಡೆಗೆ ನುಂಗಿದ. ಇನ್ನೊಂದು ತುತ್ತಿಗೆ ತಾನೇ ಕೈ ಹಾಕಿದ.