ಕೈಗವಸಿನ ಪರೀಕ್ಷೆ

ಬೆಲ್ಟ್ ಪುಲಿ ಚಕ್ರದ ಅಂಚು ದಾಟಲೊಲ್ಲದು. ನೋಯೆಲಾ ಮೂರನೇ ಸಲ ಒತ್ತಿದಳು, ಬೆರಳು ಸಿಕ್ಕಿಸಿಕೊಂಡು ಫ್ರೆಂಚಿನಲ್ಲಿ ಬೈದಳು.

"ಬೈಗುಳಕ್ಕೆ ಬೆಲ್ಟ್ ಉದ್ದ ಆಗಲ್ಲ ಮಗಳೇ," ಎಂದರು ಓಮರ್. ಆ ವರ್ಕ್‌ಶಾಪಿನಲ್ಲಿ ಯಂತ್ರ ಜೋಡಿಸುತ್ತ ಕೂದಲು ನರೆಸಿಕೊಂಡವರು.

ಆಲೂಗೆಡ್ಡೆ ವಿಂಗಡಿಸುವ ಯಂತ್ರ. ಅವಳೇ ನಕ್ಷೆ ಬರೆದ ಮೊದಲನೆಯದು. ಮೂರು ಗಂಟೆಗೆ ಬೆಳೆಗಾರ ವೆಂಡೆಲ್ ಬರುತ್ತಾನೆ. ಅವನದು ಒಂದೇ ಪರೀಕ್ಷೆ: ಕೈಗವಸು ಹಾಕಿಕೊಂಡೇ ಬೆಲ್ಟ್ ಬಿಚ್ಚಿ ಮತ್ತೆ ಹಾಕುತ್ತಾನೆ. ಆಗದಿದ್ದರೆ ಯಂತ್ರ ಬೇಡ. ಚಳಿಗಾಲದ ಅವನ ಶೆಡ್ಡಿನಲ್ಲಿ ಬರಿಗೈ ಕಬ್ಬಿಣಕ್ಕೆ ಅಂಟುತ್ತದೆ.

"ಲೆಕ್ಕ ಸರಿಯಾಗೇ ಇದೆ," ಎಂದಳು ನೋಯೆಲಾ. "ಇಪ್ಪತ್ತು ಹಲ್ಲು, ನಲವತ್ತು ಹಲ್ಲು, ಹಲ್ಲಿಗೆ ಐದು ಮಿಲಿಮೀಟರ್, ಬೆಲ್ಟ್ ಆರುನೂರು. ಎರಡು ಶಾಫ್ಟ್‌ಗಳ ನಡುವೆ ಇನ್ನೂರ ಇಪ್ಪತ್ನಾಲ್ಕೂವರೆ."

"ಮೋಟರ್ ಜರುಗೋಕೆ ಜಾಗ ಎಲ್ಲಿ ಬಿಟ್ಟಿದ್ದೀಯ?"

"ಬೋಲ್ಟ್ ಜರುಗೋಕೆ ಇಪ್ಪತ್ತೈದು ಮಿಲಿಮೀಟರ್ ಉದ್ದದ ಸ್ಲಾಟ್ ಕೊರೆದಿದೆಯಲ್ಲ! ಬೆಲ್ಟ್ ಸಡಿಲ ಆದಾಗ ಮೋಟರ್ ಹೊರಕ್ಕೆ ಎಳೆಯೋಕೆ."

"ಪೂರ್ತಿ ಹೊರಕ್ಕೇನಾ?" ಓಮರ್ ಥರ್ಮಸ್ಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡರು. "ಈ ಹಲ್ಲಿನ ಬೆಲ್ಟು ಹಿಗ್ಗೋದೇ ಕಡಿಮೆ. ಬಿಗಿಯೋಕೆ ಎರಡು ಮಿಲಿಮೀಟರ್ ಸಾಕು. ತೊಡಿಸೋಕೆ ಒಳಕ್ಕೆ ಜಾಗ ಬೇಕು. ನೀನು ಅಂಗಿಗೆ ಗುಂಡಿ ಇಟ್ಟು, ತಲೆ ತೂರಿಸೋ ತೂತು ಮರೆತಿದ್ದೀಯ."

ಅವಳು ಮೋಟರ್ ಕೂರಿಸಿದ್ದ ಪ್ಲೇಟಿನ ಮೇಲೆ ಕೈಯಾಡಿಸಿದಳು. ಪ್ಲೇಟು ಬೆಸುಗೆಯಾಗಿ, ಬಣ್ಣವೂ ಒಣಗಿತ್ತು.

"ಎರಡೂ ಪುಲಿ ಬಿಚ್ಚಿ, ಬೆಲ್ಟ್ ಸಮೇತ ಒಟ್ಟಿಗೆ ಶಾಫ್ಟಿಗೆ ತೂರಿಸಿದ್ರೆ ಕೂರುತ್ತೆ," ಎಂದರು ಓಮರ್. "ಯಂತ್ರ ಓಡುತ್ತೆ."

"ವೆಂಡೆಲ್ ಕೈಲಿ ಕೂರಲ್ಲ."

ಇಬ್ಬರೂ ಸ್ಲಾಟನ್ನೇ ನೋಡುತ್ತ ನಿಂತರು. ಖಾಲಿ ಬಿದ್ದಿದ್ದ ಆ ಇಪ್ಪತ್ತೈದು ಮಿಲಿಮೀಟರ್ ಅವಳನ್ನೇ ಅಣಕಿಸುವಂತಿತ್ತು. ಖಾಲಿ ಜಾಗ ಹೊರಗಡೆ ಇದೆ. ಅದು ಒಳಗಡೆ ಆಗಬೇಕು. ಪ್ಲೇಟು ಕದಲದು. ಹಾಗಾದರೆ ಕದಲಬೇಕಾದ್ದು...

"ಓಮರ್, ಬೆಲ್ಟನ್ನೇ ಉದ್ದ ಮಾಡಿದ್ರೆ?"

ಅವರು ಹುಬ್ಬೇರಿಸಿದರು.

"ಆರುನೂರ ಮೂವತ್ತೈದು! ಏಳು ಹಲ್ಲು ಹೆಚ್ಚು. ಮೂವತ್ತೈದರಲ್ಲಿ ಅರ್ಧದಷ್ಟು ಮೋಟರ್ ಹೊರಕ್ಕೆ ಹೋಗುತ್ತೆ, ಹದಿನೇಳೂವರೆ. ಅಷ್ಟೂ ತೊಡಿಸೋಕೆ ಒಳಕ್ಕೆ ಸಿಗುತ್ತೆ. ಬಿಗಿಯೋಕೆ ಇನ್ನೂ ಏಳೂವರೆ ಮಿಗುತ್ತೆ!"

ಓಮರ್ ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದ ಬೆಲ್ಟುಗಳನ್ನು ಒಂದೊಂದಾಗಿ ತಿರುವಿ, ಒಂದನ್ನು ತೆಗೆದು ಅವಳ ಕೊರಳಿಗೆ ಹಾಕಿದರು. "ಇಗೋ ಹಾರ."

ಮೋಟರನ್ನು ಒಳಕ್ಕೆ ನೂಕಿದರು. ಬೆಲ್ಟ್ ಅಂಚು ದಾಟಿ ಹಲ್ಲಿಗೆ ಹಲ್ಲು ಕೂಡಿತು. ಹೊರಕ್ಕೆ ಎಳೆದು ಬಿಗಿದರು. ಹೊರಕ್ಕೆ ಸರಿದ ಮೋಟರ್ ಯಂತ್ರದ ಮೇಲಿನ ಕವಚಕ್ಕೆ ತಾಗುವುದೇನೋ ಎಂದು ನೋಯೆಲಾ ಸಂದಿಗೆ ಬೆರಳು ಹಾಕಿ ನೋಡಿದಳು. ಎರಡು ಬೆರಳು ಆಡುವಷ್ಟು ಜಾಗವಿತ್ತು.

ಮೂರಕ್ಕೆ ಬಂದ ವೆಂಡೆಲ್ ದಪ್ಪ ಕೈಗವಸು ಏರಿಸಿಕೊಂಡು ಬೋಲ್ಟ್ ಸಡಿಲಿಸಿದ, ಬೆಲ್ಟ್ ತೆಗೆದ, ಹಾಕಿದ, ಬಿಗಿದ. ಹೆಬ್ಬೆರಳಿನಿಂದ ನಡುವೆ ಒತ್ತಿ ನೋಡಿದ.

"ಸುಲಭ ಇದೆಯಲ್ಲ. ಯಾರಮ್ಮ ನಕ್ಷೆ ಬರೆದಿದ್ದು?"

ನೋಯೆಲಾ ಓಮರ್ ಕಡೆ ನೋಡಿದಳು. ಓಮರ್ ಛಾವಣಿ ನೋಡುತ್ತಿದ್ದರು.

"ನಾನೇ," ಎಂದಳು. "ಹೋದ ತಿಂಗಳು ಒಂದು ಸಲ, ಇವತ್ತು ಮಧ್ಯಾಹ್ನ ಇನ್ನೊಂದು ಸಲ."